ಗೇಟ್‌ವೇ ಹಣ ಬ್ಯಾಂಕಿಗೆ ತಾಳೆ ಹಾಕುವುದು: ನನ್ನ ಅನುಭವ

ಶಿರಸಿಯಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ ಕಳಿಸುತ್ತೇನೆ. ಗಿರಾಕಿಗಳು ವೆಬ್‌ಸೈಟಿನಲ್ಲೇ ಹಣ ಕಟ್ಟುತ್ತಾರೆ. ಆ ಹಣ ಪೇಮೆಂಟ್ ಗೇಟ್‌ವೇಗೆ ಹೋಗಿ, ಎರಡು ಕೆಲಸದ ದಿನ ಬಿಟ್ಟು ನನ್ನ ಬ್ಯಾಂಕಿಗೆ ಬರುತ್ತದೆ. ಬರುವಾಗ ಒಂದೊಂದೇ ಆರ್ಡರಿನ ಲೆಕ್ಕದಲ್ಲಿ ಬರುವುದಿಲ್ಲ, ಎಲ್ಲ ಸೇರಿ ಒಂದೇ ಮೊತ್ತವಾಗಿ ಜಮೆಯಾಗುತ್ತದೆ. ಹಾಗಾಗಿ ಪಾಸ್‌ಬುಕ್ಕಿನ ಪಕ್ಕ ಆರ್ಡರ್ ಪಟ್ಟಿ ಇಟ್ಟುಕೊಂಡು ಕೂತರೆ ಯಾವುದೂ ಹೊಂದುವುದಿಲ್ಲ.

ಒಂದು ಮಳೆಗಾಲದ ವಾರದ ಲೆಕ್ಕ ಹೇಳುತ್ತೇನೆ. ಶುಕ್ರವಾರ 3,200, ಶನಿವಾರ 2,750, ಭಾನುವಾರ 3,450 ರೂಪಾಯಿ ವ್ಯಾಪಾರವಾಗಿತ್ತು. ಅದು ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಮೂರೂ ದಿನದ 9,400 ರೂಪಾಯಿ ಮಂಗಳವಾರ ಒಟ್ಟಿಗೆ ಇತ್ಯರ್ಥವಾಯಿತು. ಜಮೆಯಾದದ್ದು ಮಾತ್ರ 8,528.16. ನನ್ನ ಒಪ್ಪಂದದಂತೆ ಶುಲ್ಕ ಶೇ. 2, ಅಂದರೆ 188 ರೂಪಾಯಿ. ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ 33.84. ಉಳಿದ 650 ಸೋಮವಾರ ಕೊಟ್ಟ ರೀಫಂಡ್: ದಾರಿಯಲ್ಲಿ ಒಡೆದ ಹಿಂದಿನ ವಾರದ ಭರಣಿಯದು. ರೀಫಂಡ್ ನನ್ನ ಬ್ಯಾಂಕಿನಿಂದ ಹೋಗುವುದಿಲ್ಲ, ಮುಂದಿನ ಜಮೆಯಲ್ಲಿ ಮುರಿದುಕೊಳ್ಳುತ್ತಾರೆ. ಆ ಭರಣಿ ಮಾರಿದಾಗ ಜಿಎಸ್‌ಟಿ ಸೇರಿ ಕಡಿದ 15.34 ಶುಲ್ಕವೂ ನನಗೆ ವಾಪಸ್ ಸಿಗಲಿಲ್ಲ.

ಅದಕ್ಕೇ ಲೆಕ್ಕದಲ್ಲಿ ‘ಗೇಟ್‌ವೇ ಬಾಕಿ’ ಎಂದು ನಡುವೆ ಒಂದು ಖಾತೆ ಇಟ್ಟಿದ್ದೇನೆ. ಮಾರಾಟವಾದ ದಿನ ಪೂರ್ತಿ ಮೊತ್ತ ಅದಕ್ಕೆ ಸೇರುತ್ತದೆ. ಶುಲ್ಕ, ಅದರ ಜಿಎಸ್‌ಟಿ, ರೀಫಂಡ್, ಬ್ಯಾಂಕ್ ಜಮೆ ನಾಲ್ಕೂ ಅದರಿಂದ ಕಳೆಯುತ್ತವೆ. ಗೇಟ್‌ವೇಯ ಸೆಟಲ್‌ಮೆಂಟ್ ವರದಿಯಲ್ಲಿ ಪ್ರತಿ ಜಮೆಗೂ ಒಂದು ಯುಟಿಆರ್ ಸಂಖ್ಯೆ ಇರುತ್ತದೆ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೂ ಅದೇ ಕಾಣುತ್ತದೆ. ಮೊದಲು ಯುಟಿಆರ್ ಹೊಂದಿಸಿ, ಆಮೇಲೆ ಆ ವರದಿಯೊಳಗಿನ ಆರ್ಡರುಗಳನ್ನು ಗುರುತು ಹಾಕುತ್ತೇನೆ. ಕೊನೆಗೆ ಬಾಕಿ ಖಾತೆಯಲ್ಲಿ ಉಳಿದದ್ದು ಇನ್ನೂ ಇತ್ಯರ್ಥವಾಗದ ಆರ್ಡರುಗಳ ಮೊತ್ತಕ್ಕೆ ಸರಿಯಾಗಬೇಕು. ಶುಲ್ಕವನ್ನು ಆರ್ಡರಿಗೊಂದರಂತೆ ಲೆಕ್ಕ ಹಾಕುವುದರಿಂದ ಕೆಲವು ಪೈಸೆ ಆಚೀಚೆಯಾಗಬಹುದು. ರೂಪಾಯಿಗಳೇ ವ್ಯತ್ಯಾಸವಾದರೆ ನಾನು ಮೊದಲು ನೋಡುವುದು ರೀಫಂಡ್ ಸಾಲುಗಳನ್ನು.

ಗಿರಾಕಿಯ ಕಡೆ ಇನ್ನೊಂದು ತಾಪತ್ರಯ. “ಮೇಡಂ, ರೀಫಂಡ್ ಆಯ್ತು ಅಂತೀರಿ, ನಮ್ಮ ಖಾತೆಗೆ ಬಂದೇ ಇಲ್ವಲ್ಲ?” ಎಂದು ಬೆಂಗಳೂರಿನಿಂದ ಫೋನ್ ಬರುತ್ತದೆ. ಕಾರ್ಡಿನಲ್ಲಿ ಕಟ್ಟಿದ್ದರೆ ಅವರ ಬ್ಯಾಂಕಿನಲ್ಲಿ ಕಾಣಲು ಐದಾರು ಕೆಲಸದ ದಿನ ಹಿಡಿಯುವುದುಂಟು. ನಾನು ರೀಫಂಡಿನ ಎಆರ್‌ಎನ್ ಸಂಖ್ಯೆ ಕಳಿಸುತ್ತೇನೆ, ಅದನ್ನು ತೋರಿಸಿದರೆ ಅವರ ಬ್ಯಾಂಕಿನವರು ಹುಡುಕಿ ಹೇಳುತ್ತಾರೆ. ಯುಪಿಐನಲ್ಲಿ ಕಟ್ಟಿದ್ದರೆ ಆರ್‌ಆರ್‌ಎನ್ ಕೊಡಬೇಕು. ಎಷ್ಟೇ ಒತ್ತಾಯಿಸಿದರೂ ನನ್ನ ಫೋನಿನಿಂದ ಬೇರೆಯಾಗಿ ಹಣ ಹಾಕುವುದಿಲ್ಲ. ಹಾಕಿದರೆ ಒಂದೇ ಭರಣಿಗೆ ಎರಡು ಸಲ ಕೊಟ್ಟಂತಾಗುತ್ತದೆ, ಎರಡನೆಯದಕ್ಕೆ ಗೇಟ್‌ವೇ ವರದಿಯಲ್ಲಿ ಗುರುತೇ ಇರುವುದಿಲ್ಲ.