ಜುಮ್ಮೆನ್ನಿಸಿದ ವಾಷಿಂಗ್ ಮೆಷಿನ್

ಒದ್ದೆ ಬಟ್ಟೆ ತೆಗೆಯುವಾಗ ಮುಂಗೈ ಮೆಷಿನ್‌ನ ಅಂಚಿಗೆ ತಾಗಿ ಜುಮ್ಮೆಂದಿತು. ಚಪ್ಪಲಿ ಹಾಕಿಕೊಂಡರೆ ಏನೂ ಇಲ್ಲ; ಬರಿಗಾಲಿನಲ್ಲಿ ನಿಂತರೆ ಮತ್ತೆ ಇರುವೆ ಹರಿದಂತೆ. ಗೋಡೆಯ ಸ್ವಿಚ್ ಆರಿಸಿದೊಡನೆ ನಿಂತುಹೋಗುತ್ತಿತ್ತು. ಆದರೆ ಸ್ವಿಚ್ ಹಾಕಿದ್ದರೆ ಸಾಕು, ಮೆಷಿನ್ ಓಡದಿದ್ದರೂ ಜುಮ್ಮೆನ್ನುತ್ತಿತ್ತು. ಹಾಗಾಗಿ ಮೋಟಾರ್ ಮೇಲೆ ನನಗೆ ಅನುಮಾನ ಬರಲಿಲ್ಲ.

ಮಲ್ಟಿಮೀಟರ್ ಹಿಡಿದೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ 231 ವೋಲ್ಟ್, ಮೆಷಿನ್‌ನ ಮೈ ಮತ್ತು ನ್ಯೂಟ್ರಲ್ ನಡುವೆ 112. ಹೆಚ್ಚುಕಡಿಮೆ ಅರ್ಧ! ಕಾರಣ ಹೊಳೆದದ್ದು ಆಗಲೇ. ವಿದ್ಯುತ್ತಿನ ಗದ್ದಲ ತಡೆಯಲು ಮೆಷಿನ್‌ನೊಳಗೆ ಒಂದು ಫಿಲ್ಟರ್ ಇರುತ್ತದೆ. ಅದರ ಒಂದು ಪುಟ್ಟ ಕೆಪಾಸಿಟರ್ ಫೇಸ್‌ನಿಂದ ಮೈಗೆ, ಅಂಥದೇ ಇನ್ನೊಂದು ನ್ಯೂಟ್ರಲ್‌ನಿಂದ ಮೈಗೆ ಸೇರಿರುತ್ತದೆ. ಅವುಗಳ ಮೂಲಕ ಸೋರುವ ಕರೆಂಟ್ ಸಾಮಾನ್ಯವಾಗಿ ಒಂದು ಮಿಲಿಆಂಪಿಯರ್‌ಗೂ ಕಡಿಮೆ. ಅದು ಅರ್ಥಿಂಗ್ ತಂತಿಯಲ್ಲಿ ಹರಿದುಹೋಗಬೇಕು. ಆ ದಾರಿ ಕಡಿದಿದ್ದರೆ ಮೈ ಎರಡರ ನಡುವಿನ ವೋಲ್ಟೇಜಿನಲ್ಲಿ ತೇಲುತ್ತದೆ, ಮುಟ್ಟಿದವರೇ ದಾರಿಯಾಗುತ್ತಾರೆ.

ಪ್ಲಗ್ ಕಿತ್ತು ಸಾಕೆಟ್ ಅಳೆದೆ. ಫೇಸ್ ಮತ್ತು ಅರ್ಥಿಂಗ್ ರಂಧ್ರದ ನಡುವೆ ಅಂಕಿ ನಿಲ್ಲದೆ ಏರಿಳಿಯುತ್ತಿತ್ತು. ಪಕ್ಕದ ಕೋಣೆಯ ಸಾಕೆಟ್‌ನಲ್ಲಿ ಅದೇ ಜಾಗದಲ್ಲಿ 229 ವೋಲ್ಟ್, ನ್ಯೂಟ್ರಲ್‌ನಿಂದ ಅರ್ಥಿಂಗ್‌ಗೆ 2 ವೋಲ್ಟ್. ಅಂದರೆ ಮನೆಯ ಅರ್ಥಿಂಗ್ ಸರಿಯಿತ್ತು, ತೊಂದರೆ ಈ ಸಾಕೆಟ್‌ನದೇ.

ಮೇನ್ ಸ್ವಿಚ್ ಇಳಿಸಿ, ಕರೆಂಟ್ ಇಲ್ಲವೆಂದು ಇನ್ನೊಮ್ಮೆ ಪರೀಕ್ಷಿಸಿ ಸಾಕೆಟ್ ಬಿಚ್ಚಿದೆ. ಹಸಿರು ತಂತಿ ಸ್ಕ್ರೂ ಕೆಳಗೇ ಇತ್ತು. ನೋಡಿದರೆ ಏನೂ ತಪ್ಪಿಲ್ಲ. ಎಳೆದಾಗ ಗೊತ್ತಾಯಿತು: ಸ್ಕ್ರೂ ಕಚ್ಚಿದ್ದು ತಾಮ್ರವನ್ನಲ್ಲ, ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು. ಒಂದು ಸೆಂಟಿಮೀಟರ್ ಸುಲಿದು, ತಾಮ್ರದ ಎಳೆಗಳನ್ನು ಹೊಸೆದು ಬಿಗಿದೆ. ಮತ್ತೆ ಎಳೆದೆ, ಅಲುಗಲಿಲ್ಲ.

ನೋಡುತ್ತಿದ್ದ ನೆಂಟರೊಬ್ಬರು, “ನ್ಯೂಟ್ರಲ್‌ನಿಂದ ಅರ್ಥಿಂಗ್ ಪಿನ್ನಿಗೆ ಒಂದು ತುಂಡು ತಂತಿ ಹಾಕಿದ್ದರೆ ಮುಗಿಯುತ್ತಿತ್ತಲ್ಲ?” ಎಂದರು. ಜುಮ್ಮೆನ್ನುವುದು ನಿಲ್ಲುತ್ತದೆ, ನಿಜ. ಆದರೆ ಮುಂದೊಂದು ದಿನ ಆ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಮೆಷಿನ್‌ನ ಒಳಗಿನಿಂದ ಹಾದು ಬಂದ ಫೇಸ್ ನೇರ ಮೈಗೆ ಬರುತ್ತದೆ. ಅದು ಕೊಲ್ಲುವ ಕೆಲಸ. ರಬ್ಬರ್ ಮ್ಯಾಟ್ ಕೂಡ ಲಕ್ಷಣವನ್ನಷ್ಟೇ ಮುಚ್ಚುತ್ತದೆ. ಅರ್ಥಿಂಗ್ ಇಲ್ಲದಿರುವಾಗ ಹೀಟರ್‌ನ ಇನ್ಸುಲೇಷನ್ ಹಾಳಾದರೆ ಮೈಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಆಗ ಸೋರಿಕೆ ಕಂಡರೆ ಕರೆಂಟ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಬೀಳುವುದೂ ಯಾರಾದರೂ ಮುಟ್ಟಿದ ಮೇಲೆಯೇ.

ಪ್ಲಗ್ ಸಿಕ್ಕಿಸಿ ಅಳೆದಾಗ ಮೈಯಲ್ಲಿ 2 ವೋಲ್ಟ್. ಹೀಟರ್‌ಗೆ ಕರೆಂಟ್ ಹೋಗುವುದು ಬಿಸಿನೀರಿನ ತೊಳೆತದಲ್ಲಿ ಮಾತ್ರ. ಹಾಗಾಗಿ 60 ಡಿಗ್ರಿಯಲ್ಲಿ ಒಂದು ಸುತ್ತು ಪೂರ್ತಿ ಓಡಿಸಿದೆ. ಆರ್‌ಸಿಸಿಬಿ ಬೀಳಲಿಲ್ಲ. ಆಮೇಲೆ ಗೀಸರ್‌ನ ಸಾಕೆಟ್ ಬಿಚ್ಚಿದೆ, ಅಲ್ಲಿಯೂ ಹಸಿರು ತಂತಿಯನ್ನು ಎಳೆದು ನೋಡಬೇಕಿತ್ತು.