ಜೊತೆಗೂಡಿ ಕೋಡ್ ಬರೆದ ಒಂದು ಸಂದರ್ಶನ: ನನ್ನ ಅನುಭವ

ಸಂದರ್ಶಕರೂ ಅಭ್ಯರ್ಥಿಯೂ ಒಂದೇ ಎಡಿಟರ್ ಹಂಚಿಕೊಂಡು ಕೋಡ್ ಬರೆಯುವ ಸುತ್ತಿನಲ್ಲಿ ನಾನು ಮೊದಲ ಬಾರಿ ಕುಳಿತಾಗ, ಅವರ ಪ್ರತಿ ಪ್ರಶ್ನೆಯನ್ನೂ ಆಕ್ಷೇಪಣೆಯೆಂದು ತಿಳಿದು ನನ್ನ ಕೋಡನ್ನು ಸಮರ್ಥಿಸಿಕೊಳ್ಳುತ್ತಾ ಹೋಗಿದ್ದೆ. ಆ ಕೆಲಸ ಸಿಗಲಿಲ್ಲ. ಎರಡನೆಯ ಸಲ ನಾನು ಬದಲಾಯಿಸಿಕೊಂಡದ್ದು ಮುಖ್ಯವಾಗಿ ಇದೊಂದನ್ನೇ.

ಅಂದು ಕೊಟ್ಟ ಸಮಸ್ಯೆ ರೇಟ್ ಲಿಮಿಟರ್: ಒಬ್ಬ ಬಳಕೆದಾರನಿಗೆ 10 ಸೆಕೆಂಡುಗಳಲ್ಲಿ 3 ಕೋರಿಕೆಗಳಿಗೆ ಮಾತ್ರ ಅನುಮತಿ. ಸಂದರ್ಶನದ ಅವಧಿ 60 ನಿಮಿಷ. ಬರೆಯತೊಡಗುವ ಮೊದಲು ನಾನು ಒಂದೇ ಪ್ರಶ್ನೆ ಕೇಳಿದೆ: ತಿರಸ್ಕರಿಸಿದ ಕೋರಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕೇ? ಅದನ್ನು ಹಿಡಿದರೆ, ಬಿಡದೆ ಪ್ರಯತ್ನಿಸುತ್ತಲೇ ಇರುವವನಿಗೆ ಎಂದಿಗೂ ಅನುಮತಿ ಸಿಗದೆ ಹೋಗಬಹುದು. ಬೇಡವೆಂದರು. ಆ ಉತ್ತರವನ್ನು ಕಡತದ ಮೇಲ್ಭಾಗದಲ್ಲಿ ಒಂದು ಸಾಲಿನ ಟಿಪ್ಪಣಿಯಾಗಿ ಬರೆದಿಟ್ಟೆ.

ಮೊದಲ ಹೆಜ್ಜೆ ಬಹಳ ಚಿಕ್ಕದಾಗಿತ್ತು. ಒಬ್ಬನೇ ಬಳಕೆದಾರ, ನಾಲ್ಕು ಕೋರಿಕೆಗಳು, ನಾಲ್ಕನೆಯದಕ್ಕೆ ನಿರಾಕರಣೆ. ಇಷ್ಟಕ್ಕೆ ಒಂದು ಟೆಸ್ಟ್, ಅದು ಪಾಸಾಗುವಷ್ಟು ಎಣಿಕೆ. ಬಳಿಕ, 10 ಸೆಕೆಂಡು ಕಳೆದ ಮೇಲೆ ಮತ್ತೆ ಅನುಮತಿ ಸಿಗುತ್ತದೆಯೇ ಎಂದು ನೋಡಲು `time.time()` ಬಳಸಿ, ಟೆಸ್ಟಿನಲ್ಲಿ `time.sleep(10)` ಎಂದು ಬರೆದೆ. ಆಗ ಸಂದರ್ಶಕರು ಕೇಳಿದರು: "ಇಂಥ ಟೆಸ್ಟುಗಳು ಇಪ್ಪತ್ತಾದರೆ ಅವೆಲ್ಲ ಮುಗಿಯಲು ಎಷ್ಟು ಹೊತ್ತು ಬೇಕಾಗುತ್ತದೆ?"

ಹಿಂದಿನ ಸಲವಾಗಿದ್ದರೆ "ಸದ್ಯಕ್ಕೆ ಸಾಕು" ಎಂದು ಮುಂದುವರಿಯುತ್ತಿದ್ದೆ. ಈ ಬಾರಿ ಕೀಬೋರ್ಡಿನಿಂದ ಕೈ ತೆಗೆದೆ. ಸುಳಿವು ಬಹುಪಾಲು ಪ್ರಶ್ನೆಯ ರೂಪದಲ್ಲೇ ಬರುತ್ತದೆ. ಉತ್ತರ ಅವರಿಗೆ ಮೊದಲೇ ಗೊತ್ತಿರುವಂತೆ ತೋರಿದರೆ ಅದು ಸುಳಿವೆಂದೇ ನಾನು ಭಾವಿಸುತ್ತೇನೆ. "ಗಡಿಯಾರವನ್ನು ಕೋಡಿನೊಳಗೇ ಓದುತ್ತಿರುವುದರಿಂದ ಟೆಸ್ಟ್ ನಿಜವಾಗಿಯೂ ಕಾಯಬೇಕಾಗಿದೆ, ಸಮಯವನ್ನು ಹೊರಗಿನಿಂದ ಕೊಟ್ಟರೆ ಕಾಯುವ ಅಗತ್ಯವಿಲ್ಲ, ಹೌದೇ?" ಎಂದು ನನ್ನ ಮಾತಿನಲ್ಲಿ ಹೇಳಿದೆ. ಹೀಗೆ ಮರಳಿ ಹೇಳುವುದರಿಂದ ಸುಳಿವನ್ನು ತಪ್ಪಾಗಿ ಹಿಡಿದಿದ್ದರೆ ಅಲ್ಲೇ ತಿಳಿಯುತ್ತದೆ. ಅವರು ಒಪ್ಪಿದ ಮೇಲೆ `now` ಎಂಬ ಪ್ಯಾರಾಮೀಟರ್ ಸೇರಿಸಿ, ಹಳೆಯ ಟೆಸ್ಟುಗಳು ಪಾಸಾದದ್ದನ್ನು ನೋಡಿಕೊಂಡೇ ಮುಂದೆ ಹೋದೆ.

ಮುಂದಿನ ಸಲಹೆಯನ್ನು ನಾನು ಒಪ್ಪಲಿಲ್ಲ. ಪ್ರತಿ 10 ಸೆಕೆಂಡಿಗೊಮ್ಮೆ ಎಣಿಕೆಯನ್ನು ಸೊನ್ನೆ ಮಾಡಿದರೆ ಸಾಲದೇ ಎಂದು ಅವರು ಕೇಳಿದರು. ಅಭಿಪ್ರಾಯ ಹೇಳುವ ಬದಲು ಒಂದು ಉದಾಹರಣೆ ಬರೆದೆ: 9ನೇ ಸೆಕೆಂಡಿನಲ್ಲಿ 3, 11ನೇ ಸೆಕೆಂಡಿನಲ್ಲಿ 3. ಎಣಿಕೆ 10ಕ್ಕೆ ಸೊನ್ನೆಯಾಗುವುದರಿಂದ ಎರಡೇ ಸೆಕೆಂಡುಗಳಲ್ಲಿ 6 ಕೋರಿಕೆಗಳು ದಾಟಿಬಿಡುತ್ತವೆ. ಆದರೆ ಆ ವಿಧಾನಕ್ಕೆ ಪ್ರತಿ ಬಳಕೆದಾರನಿಗೆ ಒಂದು ಎಣಿಕೆ ಇಟ್ಟುಕೊಂಡರೆ ಸಾಕು, ಅನುಮತಿ ಸಿಕ್ಕ ಪ್ರತಿ ಕೋರಿಕೆಯ ಸಮಯವನ್ನು ಇಟ್ಟುಕೊಂಡು ಹಿಂದಿನ 10 ಸೆಕೆಂಡುಗಳಲ್ಲಿ ಬಂದವನ್ನು ಎಣಿಸುವ ನನ್ನ ವಿಧಾನಕ್ಕೆ 3 ಸಮಯಗಳವರೆಗೆ ಬೇಕು, ಮಿತಿ ಸಾವಿರಗಳಲ್ಲಿದ್ದರೆ ಈ ವ್ಯತ್ಯಾಸ ದೊಡ್ಡದು ಎಂಬುದನ್ನೂ ಸೇರಿಸಿದೆ. ಸಲಹೆಯನ್ನು ನಿರಾಕರಿಸುವಾಗ ಅದರಲ್ಲಿರುವ ಅನುಕೂಲವನ್ನೂ ಹೇಳಬೇಕು; ಇಲ್ಲವಾದರೆ ಎದುರಿಗಿರುವವರಿಗೆ ಅದು ಬರಿಯ ಹಟವಾಗಿ ಕಾಣುತ್ತದೆ. ಮಿತಿ ಚಿಕ್ಕದಾದ್ದರಿಂದ ನನ್ನ ದಾರಿಯಲ್ಲೇ ಹೋಗೋಣ ಎಂದು ಇಬ್ಬರೂ ತೀರ್ಮಾನಿಸಿದೆವು.

```python
def allow(self, user, now):
    q = self.seen.setdefault(user, deque())
    while q and now - q[0] > self.window:
        q.popleft()
    if len(q) >= self.limit:
        return False
    q.append(now)
    return True
```

"ಸರಿಯಾಗಿ 10ನೇ ಸೆಕೆಂಡಿನಲ್ಲಿ ಬಂದರೆ?" ಎಂದು ಅವರು ಕೇಳಿದರು. ಯಾವುದು ಸರಿ ಎಂಬುದು ಕೋಡಿನಲ್ಲಿ ಸಿಗುವ ಉತ್ತರವಲ್ಲವಾದ್ದರಿಂದ ಅವರನ್ನೇ ಕೇಳಿದೆ, ಅನುಮತಿ ಕೊಡಬೇಕೆಂದರು. 0, 1, 2ನೇ ಸೆಕೆಂಡುಗಳಲ್ಲಿ ಮೂರು, 10ಕ್ಕೆ ನಾಲ್ಕನೆಯದು, ಹೀಗೆ ಟೆಸ್ಟನ್ನು ಮೊದಲು ಬರೆದು ಓಡಿಸಿದೆ. ಅದು ಫೇಲ್ ಆಯಿತು. `>` ಎಂಬುದನ್ನು `>=` ಮಾಡಿದ ಮೇಲೆ ಎಲ್ಲವೂ ಪಾಸಾದವು. ಫೇಲ್ ಆದದ್ದನ್ನು ಅವರೂ ಕಂಡಿದ್ದರಿಂದ ಆ ಒಂದು ಚಿಹ್ನೆಯ ಬದಲಾವಣೆಗೆ ವಿವರಣೆ ಬೇಕಾಗಲಿಲ್ಲ.

ಕೊನೆಯಲ್ಲಿ ಉಳಿದ ಕೊರತೆಯನ್ನು ನಾನೇ ಹೇಳಿದೆ: ಒಮ್ಮೆ ಬಂದು ಮತ್ತೆ ಬಾರದ ಬಳಕೆದಾರರ ಹೆಸರು `seen`ನಲ್ಲಿ ಹಾಗೆಯೇ ಉಳಿದು ಮೆಮೊರಿ ಬೆಳೆಯುತ್ತಾ ಹೋಗುತ್ತದೆ. ಉಳಿದಿದ್ದ ನಾಲ್ಕೈದು ನಿಮಿಷಗಳಲ್ಲಿ ಅದನ್ನು ಅರ್ಧಂಬರ್ಧ ಸೇರಿಸುವುದಕ್ಕಿಂತ, ಹಳೆಯ ಬಳಕೆದಾರರನ್ನು ಆಗಾಗ ತೆಗೆದುಹಾಕುವ ಪ್ರತ್ಯೇಕ ಫಂಕ್ಷನ್ ಬೇಕೆಂದು ಟಿಪ್ಪಣಿ ಬರೆದು, ಟೆಸ್ಟುಗಳೆಲ್ಲ ಪಾಸಾಗುತ್ತಿದ್ದ ಸ್ಥಿತಿಯಲ್ಲೇ ಕೋಡನ್ನು ಬಿಟ್ಟೆ. ಆ ಫಂಕ್ಷನನ್ನು ಯಾವಾಗ ಕರೆಯಬೇಕು ಎಂಬ ಚರ್ಚೆಯಲ್ಲಿ ಉಳಿದ ಸಮಯ ಕಳೆಯಿತು.