‘ಹೈ ರಿಸ್ಕ್ 1:180’ ಅಂತ ರಿಪೋರ್ಟ್ ಬಂದಿದೆ: ಓದುವುದು ಹೇಗೆ, ಮುಂದೇನು?

ಹನ್ನೆರಡನೇ ವಾರದ ಸ್ಕ್ಯಾನ್ ಮುಗಿದಿದೆ. ಅದರ ಜೊತೆಗೇ ಡಬಲ್ ಮಾರ್ಕರ್‌ಗೆ ರಕ್ತ ಕೊಟ್ಟಾಗಿದೆ. ಎರಡು ದಿನ ಬಿಟ್ಟು ಫೋನಿಗೆ ರಿಪೋರ್ಟ್ ಬರುತ್ತದೆ. ಅದರಲ್ಲೊಂದು ಗ್ರಾಫ್, ಗೆರೆಯಿಂದ ಸ್ವಲ್ಪ ಮೇಲೆ ಒಂದು ಚುಕ್ಕೆ, ಕೆಳಗೆ ದಪ್ಪ ಅಕ್ಷರದಲ್ಲಿ ‘ಟ್ರೈಸೋಮಿ 21: ಹೈ ರಿಸ್ಕ್, 1:180’. ಡಾಕ್ಟರು ಸಿಗುವುದು ಸೋಮವಾರ. ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ.

ಈ ಲೇಖನಕ್ಕಾಗಿ ಒಬ್ಬ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳೋಣ. ಹೆಸರು ಸವಿತಾ, ವಯಸ್ಸು 29, ಹಾಸನದ ಹತ್ತಿರದ ಊರು, ಮೊದಲ ಬಸುರಿ. ಅತ್ತೆ ಮೆಲ್ಲಗೆ ಕೇಳುತ್ತಾರೆ: “ಮಗೂಗೆ ಕಾಯಿಲೆ ಇದೆ ಅಂತ ಬಂದಿದ್ಯಂತಲ್ಲವ್ವಾ?” ಇಲ್ಲ. ಹಾಗೆ ಬಂದಿಲ್ಲ. ಆ ಕಾಗದ ನಿಜಕ್ಕೂ ಏನು ಹೇಳುತ್ತಿದೆ, ಮುಂದಿನ ಹೆಜ್ಜೆ ಯಾವುದು ಅಂತ ಒಂದೊಂದಾಗಿ ನೋಡೋಣ.

ಮೊದಲು ಸಂಖ್ಯೆಯನ್ನು ಓದಿ

ಟ್ರೈಸೋಮಿ 21 ಅಂದರೆ ಡೌನ್ ಸಿಂಡ್ರೋಮ್, ಎರಡಿರಬೇಕಾದ 21ನೇ ಕ್ರೋಮೋಸೋಮ್ ಮೂರಿರುವುದು. ಸವಿತಾಳಂಥದ್ದೇ ರಿಪೋರ್ಟ್ ಇರುವ 180 ಬಸುರಿಯರನ್ನು ಒಂದು ಕಲ್ಯಾಣ ಮಂಟಪದಲ್ಲಿ ಕೂರಿಸಿದ್ದೇವೆ ಅಂದುಕೊಳ್ಳಿ. ಅವರಲ್ಲಿ ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್ ಇರುತ್ತದೆ. ಉಳಿದ 179 ಮಂದಿಯ ಮಗುವಿಗೆ ಇರುವುದಿಲ್ಲ. 1:180 ಅಂದರೆ ಇಷ್ಟೇ. ‘ಹೈ ರಿಸ್ಕ್’ ಅಂತ ಯಾಕೆ ಬರೆದರು? ಲ್ಯಾಬಿನವರು ಒಂದು ಗೆರೆ ಎಳೆದುಕೊಂಡಿರುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಅದು 1:250. ಅದಕ್ಕಿಂತ ಜಾಸ್ತಿ ಸಾಧ್ಯತೆ ಇದ್ದವರೆಲ್ಲ ‘ಹೈ ರಿಸ್ಕ್’. 1:20 ಬಂದವರಿಗೂ 1:240 ಬಂದವರಿಗೂ ಅದೇ ಪದ. ಅದಕ್ಕೇ ಪದವನ್ನು ಬಿಟ್ಟು ಸಂಖ್ಯೆಯನ್ನು ನೋಡಬೇಕು. ಆ ಎರಡು ಪದಗಳನ್ನು ದಪ್ಪ ಅಕ್ಷರದಲ್ಲಿ ಹಾಕಿ, ವಿವರಿಸುವವರಿಲ್ಲದೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಡಬಲ್ ಮಾರ್ಕರ್ ಒಂದು ಸ್ಕ್ರೀನಿಂಗ್ ಪರೀಕ್ಷೆ. ಅಂದರೆ ಜರಡಿ. ಮಗುವಿನ ಕ್ರೋಮೋಸೋಮನ್ನು ಅದು ನೋಡುವುದೇ ಇಲ್ಲ. ತಾಯಿಯ ರಕ್ತದಲ್ಲಿ ಎರಡು ವಸ್ತುಗಳನ್ನು ಅಳೆಯುತ್ತದೆ, ಪ್ಯಾಪ್-ಎ ಮತ್ತು ಬೀಟಾ ಎಚ್‌ಸಿಜಿ. ಎರಡೂ ಮಾಸು, ಅಂದರೆ ಪ್ಲಾಸೆಂಟಾ, ತಯಾರಿಸುವಂಥವು. ಡೌನ್ ಸಿಂಡ್ರೋಮ್ ಇರುವ ಬಸುರಿನಲ್ಲಿ ಸಾಮಾನ್ಯವಾಗಿ ಮೊದಲನೆಯದು ಕಡಿಮೆ ಇರುತ್ತದೆ, ಎರಡನೆಯದು ಜಾಸ್ತಿ. ಇದಕ್ಕೆ ಸ್ಕ್ಯಾನಿನಲ್ಲಿ ಅಳೆದ ಎನ್‌ಟಿ, ಅಂದರೆ ಮಗುವಿನ ಕತ್ತಿನ ಹಿಂದಿನ ನೀರಿನ ಪದರದ ದಪ್ಪ, ಮತ್ತು ತಾಯಿಯ ವಯಸ್ಸು ಸೇರಿಸಿ ಕಂಪ್ಯೂಟರ್ ಒಂದು ಸಾಧ್ಯತೆಯನ್ನು ಲೆಕ್ಕ ಹಾಕುತ್ತದೆ.

ಎರಡನೆಯದು, ಲೆಕ್ಕಕ್ಕೆ ಹಾಕಿದ ವಿವರ ಸರಿಯಿದೆಯಾ ನೋಡಿ

ಇದನ್ನು ಹೆಚ್ಚಿನವರು ಮಾಡುವುದೇ ಇಲ್ಲ. ರಿಪೋರ್ಟಿನ ಮೇಲ್ಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಹುಟ್ಟಿದ ದಿನ, ತೂಕ, ಬಸುರಿನ ವಾರ, ಒಂದೇ ಮಗುವೋ ಅವಳಿಯೋ, ಐವಿಎಫ್ ಆಗಿದೆಯಾ, ಸಕ್ಕರೆ ಕಾಯಿಲೆ ಇದೆಯಾ ಎಂಬ ವಿವರ ಇರುತ್ತದೆ. ಒಂದೊಂದನ್ನೂ ಬೆರಳಿಟ್ಟು ಓದಿ.

ಮುಖ್ಯವಾಗಿ ವಾರ. ಕೊನೆಯ ಮುಟ್ಟು ಯಾವಾಗ ಅಂತ ಕೇಳಿದರೆ ನಮ್ಮ ಹೆಣ್ಣುಮಕ್ಕಳು “ಯುಗಾದಿ ಆಗಿ ಮೂರ್ನಾಲ್ಕು ದಿನಕ್ಕೆ” ಅನ್ನುತ್ತಾರೆ. ಫಾರಂ ತುಂಬುವವರು ಒಂದು ತಾರೀಖು ಹಾಕುತ್ತಾರೆ. ಅದು ಹತ್ತು ದಿನ ಆಚೀಚೆ ಆಯ್ತು ಅಂದರೆ ಇಡೀ ಲೆಕ್ಕವೇ ತಪ್ಪುತ್ತದೆ. ಯಾಕೆಂದರೆ ಪ್ಯಾಪ್-ಎ ವಾರದಿಂದ ವಾರಕ್ಕೆ ಏರುತ್ತಾ ಹೋಗುತ್ತದೆ. ಹನ್ನೊಂದೂವರೆ ವಾರದ ಬಸುರನ್ನು ಹದಿಮೂರು ವಾರ ಅಂತ ಬರೆದರೆ, ಸರಿಯಾಗೇ ಇರುವ ಪ್ಯಾಪ್-ಎ ಕಡಿಮೆ ಅಂತ ಕಾಣುತ್ತದೆ, ರಿಸ್ಕ್ ಏರುತ್ತದೆ. ಹಾಗಾಗಿ ವಾರವನ್ನು ಸ್ಕ್ಯಾನಿನಲ್ಲಿ ಅಳೆದ ಮಗುವಿನ ಉದ್ದದಿಂದಲೇ ತೆಗೆದುಕೊಳ್ಳಬೇಕು. ಸ್ಕ್ಯಾನ್ ರಿಪೋರ್ಟಿನಲ್ಲಿ ಅದು ‘ಸಿಆರ್‌ಎಲ್’ ಅಂತ ಇರುತ್ತದೆ. 45ರಿಂದ 84 ಮಿಲಿಮೀಟರ್ ಒಳಗಿದ್ದರೆ ಮಾತ್ರ ಈ ಪರೀಕ್ಷೆ ಲೆಕ್ಕಕ್ಕೆ ಬರುತ್ತದೆ. ವಿವರ ತಪ್ಪಿದ್ದರೆ ಮತ್ತೆ ರಕ್ತ ಕೊಡಬೇಕಿಲ್ಲ, ತಿದ್ದಿ ಹೊಸದಾಗಿ ಲೆಕ್ಕ ಹಾಕಿಕೊಡಿ ಅಂತ ಲ್ಯಾಬಿಗೆ ಹೇಳಬಹುದು.

ಸವಿತಾಳ ವಿವರವೆಲ್ಲ ಸರಿಯಿತ್ತು ಅಂತಿಟ್ಟುಕೊಳ್ಳೋಣ. ಎನ್‌ಟಿ 1.6 ಮಿಲಿಮೀಟರ್, ಅದೂ ಸರಿ. ರಕ್ತದ ಅಳತೆಗಳಿಂದಲೇ ಸಂಖ್ಯೆ ಏರಿದೆ.

ಜರಡಿಯಲ್ಲಿ ಯಾರು ಉಳಿಯುತ್ತಾರೆ

ಸವಿತಾಳ ವಯಸ್ಸಿನವರಲ್ಲಿ ಸುಮಾರು ಸಾವಿರಕ್ಕೆ ಒಂದು ಮಗುವಿಗೆ ಡೌನ್ ಸಿಂಡ್ರೋಮ್ ಇರುತ್ತದೆ. ಅಂಥ ಹತ್ತು ಸಾವಿರ ಬಸುರಿಯರಿಗೆ ಈ ಪರೀಕ್ಷೆ ಮಾಡಿದರೆ, ಇರುವ ಹತ್ತರಲ್ಲಿ ಎಂಟೋ ಒಂಬತ್ತೋ ಸಿಗುತ್ತವೆ. ಒಂದೆರಡು ತಪ್ಪಿಸಿಕೊಳ್ಳುತ್ತವೆ. ಇತ್ತ ಏನೂ ತೊಂದರೆ ಇಲ್ಲದವರಲ್ಲೂ ನೂರಕ್ಕೆ ಐದು ಮಂದಿ, ಅಂದರೆ ಸುಮಾರು 500 ಜನ ‘ಹೈ ರಿಸ್ಕ್’ ಅನ್ನಿಸಿಕೊಳ್ಳುತ್ತಾರೆ. ಹೆದರಿಕೊಂಡ 509 ಜನರಲ್ಲಿ ನಿಜಕ್ಕೂ ತೊಂದರೆ ಇರುವವರು ಒಂಬತ್ತು! ಇದು ಪರೀಕ್ಷೆಯ ದೋಷವಲ್ಲ, ಜರಡಿಯ ಕೆಲಸವೇ ಅದು. ಉಳಿದಿದ್ದನ್ನು ಕೈಯಲ್ಲಿ ಆರಿಸಿ ನೋಡಬೇಕು. ಹಾಗೇ ‘ಲೋ ರಿಸ್ಕ್’ ಬಂದವರಿಗೂ ಇದು ಗ್ಯಾರಂಟಿ ಪತ್ರ ಅಲ್ಲ.

ಇನ್ನೂ ಸಣ್ಣ ಕಣ್ಣಿನ ಜರಡಿ: ಎನ್‌ಐಪಿಟಿ

ಇದೂ ತಾಯಿಯ ತೋಳಿನಿಂದ ತೆಗೆಯುವ ರಕ್ತವೇ. ಹತ್ತು ವಾರ ತುಂಬಿದ ಮೇಲೆ ಮಾಡಬಹುದು. ಡಬಲ್ ಮಾರ್ಕರ್‌ಗಿಂತ ಹಲವು ಪಟ್ಟು ದುಬಾರಿ. ತಾಯಿಯ ರಕ್ತದಲ್ಲಿ ತೇಲುವ ಡಿಎನ್‌ಎ ಚೂರುಗಳನ್ನು ಎಣಿಸಿ, 21ನೇ ಕ್ರೋಮೋಸೋಮಿನ ಚೂರು ಇರಬೇಕಾದ್ದಕ್ಕಿಂತ ಜಾಸ್ತಿ ಇದೆಯಾ ಅಂತ ನೋಡುತ್ತಾರೆ. ಡೌನ್ ಸಿಂಡ್ರೋಮ್ ಇದ್ದರೆ ನೂರಕ್ಕೆ 99 ಸಲ ಹಿಡಿಯುತ್ತದೆ. ಇಲ್ಲದವರಿಗೆ ಸುಳ್ಳು ಎಚ್ಚರಿಕೆ ಕೊಡುವುದು ಸಾವಿರಕ್ಕೆ ಒಂದು ಅಥವಾ ಅದಕ್ಕಿಂತ ಕಡಿಮೆ.

‘99 ಪರ್ಸೆಂಟ್’ ಅಂದ ಕೂಡಲೇ ಇದೇ ಕೊನೆಯ ಮಾತು ಅನ್ನಿಸುತ್ತೆ, ಅಲ್ವಾ? ಎಷ್ಟೋ ಜನ ಎಡವುವುದು ಇಲ್ಲೇ. ಆ ಚೂರುಗಳು ಮಾಸಿನಿಂದ ಬಂದವು, ನೇರವಾಗಿ ಮಗುವಿನಿಂದ ಬಂದವಲ್ಲ. ಕೆಲವೊಮ್ಮೆ ಮಾಸಿನ ಒಂದಷ್ಟು ಕಣಗಳಲ್ಲಿ ಹೆಚ್ಚುವರಿ ಕ್ರೋಮೋಸೋಮ್ ಇದ್ದು, ಮಗುವಿನಲ್ಲಿ ಇರುವುದೇ ಇಲ್ಲ. ಅವಳಿಯಲ್ಲಿ ಒಂದು ಮೊದಲೇ ಕರಗಿಹೋಗಿದ್ದರೂ ಅದರ ಚೂರು ಸೇರಿಕೊಂಡು ದಾರಿ ತಪ್ಪಿಸಬಹುದು. ಡೌನ್ ಸಿಂಡ್ರೋಮ್ ಸಾವಿರಕ್ಕೆ ಒಂದರಂತೆ ಇರುವ ಗುಂಪಿನಲ್ಲಿ ಸರಿಯಾದ ಎಚ್ಚರಿಕೆ ಒಂದಿದ್ದರೆ ಸುಳ್ಳು ಎಚ್ಚರಿಕೆಯೂ ಒಂದು ಬರಬಹುದು. ಸವಿತಾಳಂತೆ ಮೊದಲೇ 1:180 ಇರುವವರಲ್ಲಿ ‘ಹೈ ರಿಸ್ಕ್’ ಬಂದರೆ ನಿಜವಾಗುವ ಸಾಧ್ಯತೆ ನೂರಕ್ಕೆ ಸುಮಾರು 85. ಜಾಸ್ತಿಯೇ, ನಿಜ. ಆದರೆ ಆ ಕಾಗದ ಹಿಡಿದುಕೊಂಡೇ ಬಸುರು ತೆಗೆಸುವ ನಿರ್ಧಾರ ಮಾಡಬಾರದು. ಎನ್‌ಐಪಿಟಿ ಕೂಡ ಜರಡಿಯೇ.

ಎನ್‌ಟಿ 3.5 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಇಲ್ಲವೇ ಸ್ಕ್ಯಾನಿನಲ್ಲಿ ಹೃದಯದಂಥ ಅಂಗದ ತೊಂದರೆ ಕಂಡಿದ್ದರೆ ಎನ್‌ಐಪಿಟಿಯಲ್ಲಿ ಹೊತ್ತು ಕಳೆಯದೆ ನೇರವಾಗಿ ಮುಂದಿನ ಹೆಜ್ಜೆಗೆ ಹೋಗಿ ಅಂತ ಸಾಮಾನ್ಯವಾಗಿ ಡಾಕ್ಟರು ಹೇಳುತ್ತಾರೆ. ಅಂಥಲ್ಲಿ ಎನ್‌ಐಪಿಟಿ ಹುಡುಕದೇ ಇರುವ ಬೇರೆ ಕ್ರೋಮೋಸೋಮ್ ಏರುಪೇರುಗಳೂ ಇರಬಹುದು.

ಖಚಿತ ಉತ್ತರ: ಆಮ್ನಿಯೋಸೆಂಟೆಸಿಸ್

ಇದು ಡಯಾಗ್ನೋಸ್ಟಿಕ್ ಪರೀಕ್ಷೆ. ಮಗುವಿನ ಕಣಗಳನ್ನೇ ತೆಗೆದು, ಅದರ ಕ್ರೋಮೋಸೋಮುಗಳನ್ನೇ ಎಣಿಸುತ್ತಾರೆ. ಉತ್ತರ 1:180 ಅಂತ ಬರುವುದಿಲ್ಲ. ಇದೆ ಅಥವಾ ಇಲ್ಲ ಅಂತ ಬರುತ್ತದೆ. 15 ವಾರ ತುಂಬಿದ ಮೇಲೆ ಮಾಡುತ್ತಾರೆ. ಅದಕ್ಕಿಂತ ಮೊದಲೇ ಬೇಕಿದ್ದರೆ 11ನೇ ವಾರದಿಂದ ಮಾಸಿನ ಚೂರು ತೆಗೆಯುವ ಸಿವಿಎಸ್ ಇದೆ. ಆದರೆ ಅದು ಮಾಸಿನದೇ ಮಾದರಿ ಆದ್ದರಿಂದ, ಎನ್‌ಐಪಿಟಿಗೆ ಹೇಳಿದ ಗೊಂದಲ ಅಲ್ಲೂ ಅಪರೂಪಕ್ಕೆ ಬರುತ್ತದೆ.

ಸವಿತಾ ಮೊದಲು ಎನ್‌ಐಪಿಟಿ ಮಾಡಿಸಬಹುದಿತ್ತು. ‘ಲೋ ರಿಸ್ಕ್’ ಬಂದಿದ್ದರೆ ಅಲ್ಲಿಗೇ ನಿಲ್ಲಿಸಬಹುದಿತ್ತು. ಅವಳು ಅನುಮಾನಕ್ಕೆ ಜಾಗವೇ ಬೇಡ ಅಂತ 16ನೇ ವಾರಕ್ಕೆ ಆಮ್ನಿಯೋ ಆರಿಸಿಕೊಂಡಳು ಅನ್ನೋಣ. ಮಂಚದ ಮೇಲೆ ಮಲಗಿಸಿ, ಹೊಟ್ಟೆಗೆ ತಣ್ಣನೆಯ ಔಷಧಿ ಸವರಿ ಒರೆಸುತ್ತಾರೆ. ಸ್ಕ್ಯಾನ್ ಪರದೆಯಲ್ಲಿ ಮಗು ಎಲ್ಲಿದೆ, ನೀರು ಎಲ್ಲಿ ಜಾಸ್ತಿ ಇದೆ ಅಂತ ನೋಡಿಕೊಂಡು, ಉದ್ದನೆಯ ತೆಳು ಸೂಜಿಯನ್ನು ಆ ನೀರಿಗೆ ಇಳಿಸುತ್ತಾರೆ. ಸೂಜಿಯ ತುದಿ ಪರದೆಯ ಮೇಲೆ ಬಿಳಿ ಚುಕ್ಕೆಯಾಗಿ ಕಾಣುತ್ತಲೇ ಇರುತ್ತದೆ. ಮೊದಲ ಒಂದೆರಡು ಮಿಲಿಲೀಟರ್ ನೀರನ್ನು ಚೆಲ್ಲುತ್ತಾರೆ, ತಾಯಿಯ ಕಣ ಸೇರಿರಬಹುದು ಅಂತ. ಆಮೇಲೆ 15ರಿಂದ 20 ಮಿಲಿಲೀಟರ್, ಅಂದರೆ ಮೂರ್ನಾಲ್ಕು ಟೀ ಚಮಚದಷ್ಟು, ತಿಳಿ ಹಳದಿ ನೀರು. ಮಗುವಿನ ಮೈಯಿಂದ ಉದುರಿದ ಕಣಗಳು ಅದರಲ್ಲಿರುತ್ತವೆ. ಸೂಜಿ ಒಳಗಿರುವುದು ಒಂದೆರಡು ನಿಮಿಷ. ಮುಟ್ಟಿನ ದಿನದಂಥ ಹಿಡಿತ ಅನ್ನಿಸುತ್ತದೆ. ತೆಗೆದ ನೀರು ತಾನಾಗೇ ಮತ್ತೆ ತುಂಬಿಕೊಳ್ಳುತ್ತದೆ.

ಇದರಿಂದ ಬಸುರು ಇಳಿದುಹೋಗುವ ಭಯ ಇದೆಯಾ? ಇದೆ, ಆದರೆ ಜನ ಅಂದುಕೊಂಡಷ್ಟಲ್ಲ. ಅನುಭವವಿರುವ ಕೈಯಲ್ಲಿ ಹೆಚ್ಚುವರಿ ಅಪಾಯ ಇನ್ನೂರಕ್ಕೆ ಒಂದಕ್ಕಿಂತ ಕಡಿಮೆ. “ನೀವು ಎಷ್ಟು ಮಾಡಿದ್ದೀರಿ, ಡಾಕ್ಟ್ರೇ?” ಅಂತ ಕೇಳುವುದರಲ್ಲಿ ಸಂಕೋಚ ಬೇಡ. ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಮೊದಲೇ ಹೇಳಬೇಕು, 72 ಗಂಟೆಯೊಳಗೆ ಆ್ಯಂಟಿ-ಡಿ ಇಂಜೆಕ್ಷನ್ ಬೇಕಾಗಬಹುದು. ಮನೆಗೆ ಬಂದ ಮೇಲೆ ನೀರು ಸೋರಿದರೆ, ರಕ್ತ ಕಂಡರೆ, ಜ್ವರ ಬಂದರೆ ಅಥವಾ ನೋವು ಬಿಡದೆ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ದಿನಗಳ ಲೆಕ್ಕ ಮತ್ತು ಕಾನೂನು

13ನೇ ವಾರಕ್ಕೆ ರಿಪೋರ್ಟ್, 16ಕ್ಕೆ ಆಮ್ನಿಯೋ. 21, 18, 13ನೇ ಕ್ರೋಮೋಸೋಮಿನ ಬಗ್ಗೆ ಎರಡು ಮೂರು ದಿನದಲ್ಲಿ ಬೇಗನೆ ಉತ್ತರ ಸಿಗುವ ಪರೀಕ್ಷೆ ಇದೆ. ಕಣ ಬೆಳೆಸಿ ಮಾಡುವ ಪೂರ್ತಿ ರಿಪೋರ್ಟಿಗೆ ಎರಡರಿಂದ ಮೂರು ವಾರ. ಅಂದರೆ 19ನೇ ವಾರದ ಹೊತ್ತಿಗೆ ಎಲ್ಲ ಕೈಯಲ್ಲಿರುತ್ತದೆ. ಇದೇ 18ನೇ ವಾರದಲ್ಲಿ, ತಾಯಿಯ ರಕ್ತದಲ್ಲಿ ನಾಲ್ಕು ವಸ್ತುಗಳನ್ನು ಅಳೆಯುವ ಕ್ವಾಡ್ರುಪಲ್ ಪರೀಕ್ಷೆಯಿಂದ ಶುರು ಮಾಡಿದ್ದರೆ 22 ದಾಟಿಬಿಡುತ್ತಿತ್ತು. ಗರ್ಭಪಾತದ ಕಾನೂನಿಗೆ 2021ರಲ್ಲಿ ಆದ ತಿದ್ದುಪಡಿಯ ನಂತರ, ಬಸುರು ತೆಗೆಸಲು 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 24 ವಾರದವರೆಗೆ ಕಾನೂನು ಹೇಳಿದ ಸಂದರ್ಭಗಳಲ್ಲಿ ಇಬ್ಬರ ಅಭಿಪ್ರಾಯ ಬೇಕು. ಅದರಾಚೆ ಮಗುವಿಗೆ ಗಂಭೀರ ನ್ಯೂನತೆ ಇದೆ ಅಂತ ವೈದ್ಯಕೀಯ ಮಂಡಳಿ ಹೇಳಬೇಕು. ಸಮಯ ಇದ್ದಷ್ಟೂ ಯೋಚಿಸಲು ಅವಕಾಶ ಜಾಸ್ತಿ.

ಪರೀಕ್ಷೆ ಮಾಡಿಸಿದವರೆಲ್ಲ ಬಸುರು ತೆಗೆಸಬೇಕು ಅಂತೇನಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುತ್ತದೆ. ಮೊದಲೇ ಗೊತ್ತಿದ್ದರೆ ಮಕ್ಕಳ ಹೃದಯ ತಜ್ಞರಿರುವ ಕಡೆ ಹೆರಿಗೆಗೆ ವ್ಯವಸ್ಥೆ ಮಾಡಿಕೊಳ್ಳಬಹುದು. ಬರುವ ಮಗುವಿಗಾಗಿ ಸಿದ್ಧರಾಗಲೆಂದೇ ಮಾಡಿಸುವವರಿದ್ದಾರೆ, ಬೇಡವೇ ಬೇಡ ಅನ್ನುವವರೂ ಇದ್ದಾರೆ. ಎರಡೂ ಸರಿ. ಆಮ್ನಿಯೋಗೆ ಮೊದಲು ತಾಯಿಯ ಲಿಖಿತ ಒಪ್ಪಿಗೆ ಬೇಕೇ ಬೇಕು. ಗಂಡ, ಅತ್ತೆ, ಡಾಕ್ಟರು ಯಾರೂ ಅವಳ ಪರವಾಗಿ ಸಹಿ ಹಾಕುವಂತಿಲ್ಲ. ಮಗು ಗಂಡೋ ಹೆಣ್ಣೋ ಅಂತ ಹೇಳುವುದು 1994ರ ಕಾನೂನಿನ ಪ್ರಕಾರ ಅಪರಾಧ.

ಆಮ್ನಿಯೋ ಆದ ನಾಲ್ಕನೇ ದಿನ ಸವಿತಾಗೆ ಫೋನ್ ಬರುತ್ತದೆ. 21ನೇ ಕ್ರೋಮೋಸೋಮ್ ಎರಡೇ ಇವೆ. ಪೂರ್ತಿ ರಿಪೋರ್ಟ್ ಇನ್ನೂ ಎರಡು ವಾರಕ್ಕೆ. “ಹಾಗಾದ್ರೆ ಮಗು ಪೂರ್ತಿ ಚೆನ್ನಾಗಿದೆ ಅಂತಾನಾ, ಮೇಡಂ?” ಅನ್ನುತ್ತಾಳೆ. ಕೌನ್ಸೆಲರ್ ಅವಸರ ಮಾಡದೆ ಉತ್ತರಿಸುತ್ತಾರೆ: “ಡೌನ್ ಸಿಂಡ್ರೋಮ್ ಇಲ್ಲಮ್ಮ, ಅದು ಖಚಿತ. ಕೈಕಾಲು, ಹೃದಯ, ಕಿಡ್ನಿ ಈ ಪರೀಕ್ಷೆಯಲ್ಲಿ ಕಾಣಲ್ಲ. ಅದಕ್ಕೆ 19ನೇ ವಾರದಲ್ಲಿ ಅನಾಮಲಿ ಸ್ಕ್ಯಾನ್ ಇದೆ. ಅವತ್ತು ಈ ಎಲ್ಲ ಕಾಗದ ತಗೊಂಡು ಬನ್ನಿ.”